ದುಡ್ಡು ಬರುವುದಕ್ಕೆ ಪಿನ್ ಯಾಕೆ ಬೇಕು? ಹಳೆ ಸಾಮಾನು ಮಾರುವಾಗ ನಕಲಿ ಗಿರಾಕಿಯನ್ನು ಗುರುತಿಸುವುದು

ಮೈಸೂರಿನಲ್ಲಿ ಬಾಡಿಗೆ ಮನೆ ಖಾಲಿ ಮಾಡುತ್ತಿರುವ ಒಂದು ಕುಟುಂಬ ಏಳು ವರ್ಷ ಹಳೆಯ ವಾಷಿಂಗ್ ಮಷಿನ್ ಮಾರಲು ಹೊರಟಿದೆ ಅಂದುಕೊಳ್ಳಿ. ನಾಲ್ಕು ಫೋಟೋ, ಎರಡು ಸಾಲಿನ ವಿವರ, ಬೆಲೆ 9,000 ರೂಪಾಯಿ. ಓಎಲ್‌ಎಕ್ಸ್‌ನಲ್ಲೋ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲೋ ಜಾಹೀರಾತು ಹಾಕಿ ಹತ್ತು ನಿಮಿಷವಾಗಿಲ್ಲ, ಫೋನ್ ಬರುತ್ತದೆ. ಆ ಕಡೆಯವನು ಹಿಂದಿಯಲ್ಲಿ, ಬಹಳ ಮರ್ಯಾದೆಯಿಂದ ಮಾತಾಡುತ್ತಾನೆ. ಮಷಿನ್ ಇನ್ನೂ ಇದೆಯಾ ಎಂದು ಕೇಳುತ್ತಾನೆ. ಇದೆ ಎಂದ ಕೂಡಲೇ ತೆಗೆದುಕೊಳ್ಳುತ್ತೇನೆ, ಬೇರೆ ಯಾರಿಗೂ ಕೊಡಬೇಡಿ, ಜಾಹೀರಾತು ತೆಗೆದುಬಿಡಿ, ದುಡ್ಡು ಈಗಲೇ ಹಾಕುತ್ತೇನೆ ಎನ್ನುತ್ತಾನೆ.

ಮೊದಲ ಗುರುತು ಇಲ್ಲೇ ಸಿಕ್ಕಿತು. ಹಳೆ ವಾಷಿಂಗ್ ಮಷಿನ್ ಕೊಳ್ಳುವವನು ಕೇಳುವ ಪ್ರಶ್ನೆಗಳೇ ಬೇರೆ. ಎಷ್ಟು ಕೆ.ಜಿ.ಯದ್ದು, ಮೋಟಾರ್ ಯಾವಾಗಲಾದರೂ ಬದಲಾಯಿಸಿದ್ದೀರಾ, ಡ್ರೈಯರ್ ಸದ್ದು ಮಾಡುತ್ತದಾ, ಬಿಲ್ ಇದೆಯಾ, ಯಾಕೆ ಮಾರುತ್ತಿದ್ದೀರಿ ಎಂದು ಕೇಳುತ್ತಾನೆ. ಒಂಬತ್ತು ಸಾವಿರ ಜಾಸ್ತಿಯಾಯಿತು, ಆರಕ್ಕೆ ಕೊಡಿ ಎನ್ನುತ್ತಾನೆ. ಭಾನುವಾರ ಬಂದು ನೀರು ಬಿಟ್ಟು ಓಡಿಸಿ ನೋಡುತ್ತೇನೆ ಎನ್ನುತ್ತಾನೆ. ವಸ್ತು ಬೇಕಾದವನಿಗೆ ವಸ್ತುವಿನ ಮೇಲೆ ಅನುಮಾನ ಇದ್ದೇ ಇರುತ್ತದೆ. ಚೌಕಾಸಿಯನ್ನೇ ಮಾಡದೆ, ಕಣ್ಣಾರೆ ನೋಡದೆ, ಏಳು ವರ್ಷದ ಯಂತ್ರಕ್ಕೆ ಕೇಳಿದಷ್ಟೂ ಕೊಡಲು ಒಪ್ಪಿದವನಿಗೆ ಬೇಕಾಗಿರುವುದು ಮಷಿನ್ ಅಲ್ಲ, ನಿಮ್ಮ ಖಾತೆ.

ನೋಡದೆಯೇ ಕೊಳ್ಳುವುದಕ್ಕೆ ಅವನ ಹತ್ತಿರ ಒಂದು ಕಾರಣ ಸಿದ್ಧವಾಗಿರುತ್ತದೆ. ದೇಶದ ಉದ್ದಗಲಕ್ಕೂ ಮತ್ತೆ ಮತ್ತೆ ಕಂಡುಬಂದಿರುವ ಕಾರಣವೆಂದರೆ ಸೈನ್ಯ. ತಾನು ಸೈನಿಕ ಅಥವಾ ಸಿಐಎಸ್‌ಎಫ್ ಜವಾನ, ಈ ಊರಿಗೆ ವರ್ಗವಾಗಿದೆ, ಡ್ಯೂಟಿ ಬಿಟ್ಟು ಬರಲಾಗದು, ಸಾಮಾನು ಒಯ್ಯಲು ನಮ್ಮ ಗಾಡಿ ಬರುತ್ತದೆ ಎನ್ನುತ್ತಾನೆ. ವಾಟ್ಸಾಪ್‌ನಲ್ಲಿ ಸಮವಸ್ತ್ರದ ಫೋಟೋ, ಕೇಳದಿದ್ದರೂ ಕ್ಯಾಂಟೀನ್ ಕಾರ್ಡ್, ಆಧಾರ್, ಗುರುತಿನ ಚೀಟಿ ಒಂದರ ಹಿಂದೊಂದು ಬಂದು ಬೀಳುತ್ತವೆ. ಸೈನಿಕರ ಮೇಲೆ ನಮಗಿರುವ ಗೌರವವನ್ನೇ ಇಲ್ಲಿ ಬಂಡವಾಳ ಮಾಡಿಕೊಳ್ಳುತ್ತಾರೆ. ಆ ಕಾರ್ಡುಗಳು ಎಷ್ಟೋ ಸಲ ಅಸಲಿಯವೇ ಆಗಿರುತ್ತವೆ, ಆದರೆ ಅವನವಲ್ಲ. ಎಲ್ಲಿಂದಲೋ ಕೈಸೇರಿದ ಯಾವನೋ ಸೈನಿಕನ ಚೀಟಿ ಅದು. ಹಾಗಾಗಿ ಗುರುತಿನ ಚೀಟಿಯ ಫೋಟೋ ಬಂದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ನಿಮ್ಮದನ್ನೂ ಕಳಿಸಿ ಎಂದರೆ ಕಳಿಸಲೂಬಾರದು, ಮುಂದಿನ ಮನೆಗೆ ಹೋಗುವ ಚೀಟಿ ನಿಮ್ಮದಾಗಬಹುದು.

ಇನ್ನು ದುಡ್ಡಿನ ಭಾಗಕ್ಕೆ ಬರೋಣ. ಮನೆಯವರು ಸಹಜವಾಗಿ, ನಮ್ಮ ನಂಬರ್‌ಗೆ ಗೂಗಲ್ ಪೇ ಮಾಡಿ ಎನ್ನುತ್ತಾರೆ. ಅವನು ಮಾಡುವುದಿಲ್ಲ. ನಮ್ಮದು ಮಿಲಿಟರಿ ಅಕೌಂಟ್, ಹಾಗೆ ನೇರವಾಗಿ ಹೋಗುವುದಿಲ್ಲ, ನಾನು ಕ್ಯೂಆರ್ ಕಳಿಸುತ್ತೇನೆ, ನೀವು ಸ್ಕ್ಯಾನ್ ಮಾಡಿದರೆ ದುಡ್ಡು ನಿಮಗೆ ಬರುತ್ತದೆ ಎನ್ನುತ್ತಾನೆ. ಮೊದಲು ಎರಡು ರೂಪಾಯಿಯಲ್ಲಿ ಪರೀಕ್ಷೆ ಮಾಡೋಣ ಎಂದು ತಾನೇ ಸೂಚಿಸುತ್ತಾನೆ. ಕ್ಯೂಆರ್ ಬರುತ್ತದೆ. ಬಂದ ಫೋನಿನಿಂದಲೇ ಅದನ್ನು ಕ್ಯಾಮೆರಾ ಹಿಡಿದು ಸ್ಕ್ಯಾನ್ ಮಾಡಲಾಗದ ಕಾರಣ, ಮನೆಯಲ್ಲಿರುವ ಇನ್ನೊಂದು ಫೋನಿಗೆ ಕಳಿಸಿ ತೆರೆಯಿರಿ ಎಂದು ಹೇಳಿಕೊಡುತ್ತಾನೆ. ಸ್ಕ್ಯಾನ್ ಮಾಡಿ ಪಿನ್ ಒತ್ತಿದಾಗ ಎರಡು ರೂಪಾಯಿ ಹೋಗುತ್ತದೆ. ಮರುಕ್ಷಣ ನಾಲ್ಕು ರೂಪಾಯಿ ನಿಜವಾಗಿಯೂ ಬರುತ್ತದೆ. ನೋಡಿದಿರಾ, ನಮ್ಮ ಅಕೌಂಟ್ ಹೀಗೇ, ಕೊಟ್ಟದ್ದರ ಎರಡರಷ್ಟು ವಾಪಸ್ ಬರುತ್ತದೆ ಎನ್ನುತ್ತಾನೆ.

ಇಡೀ ಮೋಸದ ಜೀವ ಈ ನಾಲ್ಕು ರೂಪಾಯಿಯಲ್ಲಿದೆ. ಆ ನಾಲ್ಕು ರೂಪಾಯಿಯನ್ನು ಅವನು ಬೇರೆಯಾಗಿ, ತನ್ನ ಕೈಯಾರೆ, ಮಾಮೂಲಿ ವಿಧಾನದಲ್ಲೇ ಕಳಿಸಿದ್ದಾನೆ. ಅಂದರೆ ಅವನ ಖಾತೆಯಿಂದ ನಿಮ್ಮ ನಂಬರ್‌ಗೆ ದುಡ್ಡು ನೇರವಾಗಿಯೇ ಬರುತ್ತದೆ ಎಂಬುದು ಆಗಲೇ ಸಾಬೀತಾಯಿತು. ನೇರವಾಗಿ ಹೋಗುವುದಿಲ್ಲ ಎಂಬ ಅವನ ಮಾತು ಅಲ್ಲೇ ಸುಳ್ಳಾಯಿತು. ಆದರೆ ಬಂದ ದುಡ್ಡಿನ ಮೇಲೆ ಕಣ್ಣಿರುವವರಿಗೆ ಇದು ಹೊಳೆಯುವುದಿಲ್ಲ.

ಮುಂದಿನ ಕ್ಯೂಆರ್ 9,000 ರೂಪಾಯಿಯದು. ಪಿನ್ ಒತ್ತಿದ ಕೂಡಲೇ 9,000 ಹೋಯಿತು, ಏನೂ ಬರಲಿಲ್ಲ. ಅವನು ಗಾಬರಿಯಾದವನಂತೆ, ಅಯ್ಯೋ, ಸರ್ವರ್ ಸಿಕ್ಕಿಹಾಕಿಕೊಂಡಿದೆ, ಇನ್ನೊಂದು ಸಲ ಮಾಡಿ, ಎರಡೂ ಸೇರಿ ಬರುತ್ತದೆ ಎನ್ನುತ್ತಾನೆ. ಮತ್ತೆ 9,000 ಹೋಯಿತು. ಆಮೇಲೆ, ಒಟ್ಟು 18,000 ಬಾಕಿ ತೋರಿಸುತ್ತಿದೆ, ಆ ಮೊತ್ತವನ್ನೇ ಒಂದು ಸಲ ಹಾಕಿದರೆ ಎಲ್ಲಾ ರಿವರ್ಸ್ ಆಗುತ್ತದೆ ಎನ್ನುತ್ತಾನೆ. ಅದೂ ಹೋಯಿತು. ಲೆಕ್ಕ ಹಾಕಿ: ಎರಡು ರೂಪಾಯಿ, ಎರಡು ಸಲ ಒಂಬತ್ತು ಸಾವಿರ, ಮೇಲೆ ಹದಿನೆಂಟು ಸಾವಿರ, ಒಟ್ಟು 36,002. ಬಂದದ್ದು ನಾಲ್ಕು. ಒಂಬತ್ತು ಸಾವಿರ ಬರಬೇಕಾಗಿದ್ದ ಮನೆಯಿಂದ ಕಾಲು ಗಂಟೆಯಲ್ಲಿ 35,998 ರೂಪಾಯಿ ಹೋಯಿತು. ವಾಷಿಂಗ್ ಮಷಿನ್ ಮಾತ್ರ ಬಚ್ಚಲ ಮನೆಯಲ್ಲೇ ಇದೆ.

ಓದಿಕೊಂಡವರು, ಬ್ಯಾಂಕಿನಲ್ಲೇ ಕೆಲಸ ಮಾಡುವವರು ಕೂಡ ಇದಕ್ಕೆ ಸಿಕ್ಕಿದ್ದಾರೆ. ಎರಡನೇ ಸಲ ದುಡ್ಡು ಹಾಕುವುದು ದಡ್ಡತನದಿಂದಲ್ಲ, ಹೋದದ್ದನ್ನು ಹಿಂದಕ್ಕೆ ಪಡೆಯುವ ಆತಂಕದಿಂದ. ಅದು ಗೊತ್ತಿರುವುದರಿಂದಲೇ ಅವನು ಕರೆಯನ್ನು ಕತ್ತರಿಸಲು ಬಿಡುವುದಿಲ್ಲ. ಫೋನ್ ಸ್ಪೀಕರ್‌ನಲ್ಲಿಡಿ, ಲೈನ್ ಬಿಡಬೇಡಿ, ಬೇಗ ಮಾಡಿ, ಗಾಡಿ ಹೊರಟಿದೆ ಎಂದು ಒಂದೇ ಸಮನೆ ಮಾತಾಡುತ್ತಿರುತ್ತಾನೆ. ಬ್ಯಾಂಕಿನ ಎಸ್‌ಎಂಎಸ್ ಓದಲು, ಪಕ್ಕದವರನ್ನು ಕೇಳಲು ಅರ್ಧ ನಿಮಿಷ ಸಿಕ್ಕಿದರೂ ಆಟ ಮುಗಿಯುತ್ತದೆ ಎಂದು ಅವನಿಗೆ ತಿಳಿದಿದೆ.

ಕ್ಯೂಆರ್ ಒಳಗೆ ಏನಿರುತ್ತದೆ

ಕ್ಯೂಆರ್ ಎಂದರೆ ಕಪ್ಪು ಬಿಳಿ ಚೌಕಗಳಲ್ಲಿ ಬರೆದಿಟ್ಟ ಒಂದು ಸಾಲು ಅಕ್ಷರ, ಅಷ್ಟೇ. ಮೇಲಿನ ಉದಾಹರಣೆಯಲ್ಲಿ ಅವನು ಕಳಿಸಿದ ಕ್ಯೂಆರ್ ಬಿಚ್ಚಿ ನೋಡಿದರೆ ಹೆಚ್ಚು ಕಡಿಮೆ ಹೀಗಿರುತ್ತದೆ:

```
upi://pay?pa=xxxxx@xxxx&pn=Army%20Canteen&am=9000.00&cu=INR&tn=Receive%20Rs%209000
```

ಮೊದಲಿಗೇ ಇರುವ `pay` ಎಂಬುದು ಆದೇಶ: ಕೊಡು. ಸ್ಕ್ಯಾನ್ ಮಾಡಿದವನು ಕೊಡಬೇಕು. `pa` ಎಂದರೆ ದುಡ್ಡು ಯಾರಿಗೆ ಸೇರಬೇಕೋ ಅವರ ಯುಪಿಐ ವಿಳಾಸ. `am` ಮೊತ್ತ, `cu` ರೂಪಾಯಿ ಎಂಬ ಸೂಚನೆ. ಉಳಿದ ಎರಡನ್ನು ಸರಿಯಾಗಿ ನೋಡಿ. `pn` ಹೆಸರು, `tn` ಟಿಪ್ಪಣಿ. ಕ್ಯೂಆರ್ ತಯಾರಿಸುವವನು ಈ ಎರಡರಲ್ಲೂ ತನಗೆ ತೋಚಿದ್ದನ್ನು ಬರೆದುಕೊಳ್ಳಬಹುದು. ಹೆಸರಿನ ಜಾಗದಲ್ಲಿ ಆರ್ಮಿ ಕ್ಯಾಂಟೀನ್ ಎಂದೂ ಟಿಪ್ಪಣಿಯಲ್ಲಿ 9,000 ರೂಪಾಯಿ ಸ್ವೀಕರಿಸಿ ಎಂದೂ ಬರೆದಿದ್ದಾನೆ. ಪರದೆಯಲ್ಲಿ ಆ ಟಿಪ್ಪಣಿ ಕಂಡವರು ದುಡ್ಡು ಬರುತ್ತಿದೆ ಎಂದೇ ನಂಬುತ್ತಾರೆ. ಟಿಪ್ಪಣಿಯಲ್ಲಿ ಏನೇ ಬರೆದಿದ್ದರೂ ಆದೇಶ ಬದಲಾಗುವುದಿಲ್ಲ.

ಯುಪಿಐನಲ್ಲಿ ಸ್ಕ್ಯಾನ್ ಮಾಡಿದವರಿಗೆ ದುಡ್ಡು ಬರುವಂಥ ಕ್ಯೂಆರ್ ಎಂಬುದೇ ಇಲ್ಲ. `pay` ಬದಲು `mandate` ಎಂದು ಶುರುವಾಗುವ ಇನ್ನೊಂದು ಬಗೆ ಇದೆ. ಅದು ಆಟೋಪೇ, ಅಂದರೆ ನಿಮ್ಮ ಖಾತೆಯಿಂದ ಮುಂದೆಯೂ ದುಡ್ಡು ತೆಗೆದುಕೊಳ್ಳಲು ಒಪ್ಪಿಗೆ. ಅದರಲ್ಲೂ ಹೋಗುವುದು ನಿಮ್ಮದೇ. ಹಾಗಾಗಿ ಮಾರುವವರು ಸ್ಕ್ಯಾನ್ ಮಾಡುವ ಪ್ರಸಂಗವೇ ಬರಬಾರದು. ಮಾರುವವರು ತಮ್ಮ ಕ್ಯೂಆರ್ ತೋರಿಸಬೇಕು, ಕೊಳ್ಳುವವನು ಸ್ಕ್ಯಾನ್ ಮಾಡಬೇಕು. ತರಕಾರಿ ಗಾಡಿಯ ಮೇಲೆ ಅಂಟಿಸಿರುವ ಕ್ಯೂಆರ್ ಯಾರದ್ದು, ಅದನ್ನು ಸ್ಕ್ಯಾನ್ ಮಾಡುವವರು ಯಾರು ಎಂದು ನೆನಪಿಸಿಕೊಂಡರೆ ಸಾಕು. ವಾಷಿಂಗ್ ಮಷಿನ್ ಮಾರುವಾಗ ಗಾಡಿಯವರ ಜಾಗದಲ್ಲಿರುವವರು ನೀವು.

ಯುಪಿಐ ಪಿನ್ ನಾಲ್ಕೋ ಆರೋ ಅಂಕೆಯದು. ದುಡ್ಡು ಕಳಿಸಲು, ಆಟೋಪೇಗೆ ಒಪ್ಪಲು, ಬ್ಯಾಲೆನ್ಸ್ ನೋಡಲು ಅದು ಬೇಕಾಗುತ್ತದೆ. ದುಡ್ಡು ಬರುವುದಕ್ಕೆ ಬೇಕಿಲ್ಲ. ನೀವು ಮಲಗಿದ್ದರೂ, ಫೋನ್ ಆಫ್ ಆಗಿದ್ದರೂ ದುಡ್ಡು ಬಂದು ಖಾತೆಗೆ ಸೇರುತ್ತದೆ. ಈ ಎಚ್ಚರಿಕೆಯನ್ನು ಈಗ ಹಲವರು ಕೇಳಿದ್ದಾರೆ, ಆದರೆ ಅದನ್ನು ತಲೆಕೆಳಗು ಮಾಡಿಕೊಂಡು, ಪಿನ್ ಕೇಳದಿದ್ದರೆ ಅಪಾಯವಿಲ್ಲ ಎಂದುಕೊಂಡರೆ ತಪ್ಪಾಗುತ್ತದೆ. ಯುಪಿಐ ಲೈಟ್ ಹಾಕಿಕೊಂಡವರ ಫೋನಿನಲ್ಲಿ ಸಣ್ಣ ಮೊತ್ತಗಳು ಪಿನ್ ಇಲ್ಲದೆಯೇ ಹೋಗುತ್ತವೆ. 2025ರ ಅಕ್ಟೋಬರ್‌ನಿಂದ ಬೆರಳಚ್ಚು ಅಥವಾ ಮುಖ ತೋರಿಸಿ ಪಾವತಿ ಒಪ್ಪುವ ಸೌಲಭ್ಯವೂ ಬಂದಿದೆ. ಪಿನ್ ಕೇಳಿತೋ ಇಲ್ಲವೋ ಎಂಬುದಕ್ಕಿಂತ ಮುಖ್ಯವಾದ ಪ್ರಶ್ನೆ, ದುಡ್ಡು ಬರಲು ನೀವು ಏನನ್ನಾದರೂ ಮಾಡಬೇಕಾಗಿ ಬಂದಿದೆಯೇ ಎಂಬುದು. ಬಂದಿದ್ದರೆ ಅದು ಮೋಸ.

ಇದೇ ಕೆಲಸವನ್ನು ಹಿಂದೆ ಕಲೆಕ್ಟ್ ರಿಕ್ವೆಸ್ಟ್ ಮೂಲಕ ಮಾಡುತ್ತಿದ್ದರು. ದುಡ್ಡು ಕೊಡಿ ಎಂಬ ಕೋರಿಕೆ ನಿಮ್ಮ ಆ್ಯಪ್‌ಗೆ ಬರುತ್ತಿತ್ತು, ಅದನ್ನೇ ದುಡ್ಡು ಬಂದಿದೆ, ಒಪ್ಪಿಕೊಳ್ಳಿ ಎಂದು ನಂಬಿಸುತ್ತಿದ್ದರು. ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಇಂಥ ಕೋರಿಕೆ ಕಳಿಸುವುದನ್ನು ಯುಪಿಐ ನಡೆಸುವ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದೆ. ಕೆಲವು ವ್ಯಾಪಾರಿ ಖಾತೆಗಳಿಂದ ಮಾತ್ರ ಅದು ಇನ್ನೂ ಬರಬಹುದು. ಆದ್ದರಿಂದ ಹಳೆ ಸಾಮಾನು ಕೊಳ್ಳಲು ಬಂದವನಿಂದ ಕೋರಿಕೆ ಬಂದರೆ ನೋಡಿದ ತಕ್ಷಣ ನಿರಾಕರಿಸಿ.

ಸಹಾಯಕ್ಕೆ ಬರುವ ಇನ್ನೊಂದು ಬದಲಾವಣೆಯೂ ಅದೇ ವರ್ಷದ್ದು. ದುಡ್ಡು ಕಳಿಸುವ ಮುಂಚೆ ಆ್ಯಪ್‌ಗಳು ಕ್ಯೂಆರ್‌ನಲ್ಲಿ ಬರೆದ ಹೆಸರನ್ನಲ್ಲ, ಬ್ಯಾಂಕಿನ ದಾಖಲೆಯಲ್ಲಿರುವ ಹೆಸರನ್ನು ತೋರಿಸಬೇಕು ಎಂದು ಎನ್‌ಪಿಸಿಐ ಹೇಳಿದೆ. ಆರ್ಮಿ ಕ್ಯಾಂಟೀನ್ ಎಂದವನ ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಯಾವುದೋ ಸಂಬಂಧವಿಲ್ಲದ ಮನುಷ್ಯನ ಹೆಸರು ಬಂದರೆ ಅಲ್ಲೇ ಕೈ ಹಿಂದಕ್ಕೆ ತೆಗೆಯಬೇಕು. ಆ ಹೆಸರಿನವನೂ ಮೋಸಗಾರನೇ ಆಗಿರಬೇಕೆಂದಿಲ್ಲ, ಖಾತೆಯನ್ನು ಬಾಡಿಗೆಗೆ ಕೊಟ್ಟ ಬಡಪಾಯಿ ಇರಬಹುದು.

ಬಾರದ ದುಡ್ಡನ್ನು ಬಂದಂತೆ ತೋರಿಸುವುದು

ಎರಡನೇ ಬಗೆಯ ಮೋಸದಲ್ಲಿ ಕ್ಯೂಆರ್ ಇಲ್ಲ. ಅವನು ನಿಮ್ಮ ನಂಬರ್ ತೆಗೆದುಕೊಂಡು ಹಾಕಿದೆ ನೋಡಿ ಎನ್ನುತ್ತಾನೆ. ತಕ್ಷಣ ಎಸ್‌ಎಂಎಸ್ ಬರುತ್ತದೆ: ನಿಮ್ಮ ಖಾತೆಗೆ 90,000 ರೂಪಾಯಿ ಜಮಾ ಆಗಿದೆ. ಒಂಬತ್ತು ಸಾವಿರದ ಬದಲು ತೊಂಬತ್ತು ಸಾವಿರ! ಅವನು ಅಳುವುದೊಂದು ಬಾಕಿ. ಕೈತಪ್ಪಿ ಒಂದು ಸೊನ್ನೆ ಜಾಸ್ತಿ ಬಿತ್ತು, ಆಸ್ಪತ್ರೆಗೆ ಕಟ್ಟಬೇಕಿದ್ದ ದುಡ್ಡು, ನಿಮ್ಮ ಒಂಬತ್ತು ಸಾವಿರ ಇಟ್ಟುಕೊಂಡು ಉಳಿದ 81,000 ವಾಪಸ್ ಹಾಕಿ ಎಂದು ಗೋಗರೆಯುತ್ತಾನೆ. ಪ್ರಾಮಾಣಿಕರೇ ಇದಕ್ಕೆ ಹೆಚ್ಚು ಬೀಳುತ್ತಾರೆ, ಪರರ ದುಡ್ಡು ಇಟ್ಟುಕೊಳ್ಳಬಾರದು ಎಂಬ ಭಯ ಇರುವುದು ಅವರಿಗೇ. ನಿಜಕ್ಕೂ ಅವರ ಖಾತೆಗೆ ಒಂದು ಪೈಸೆಯೂ ಬಂದಿರುವುದಿಲ್ಲ.

ಆ ಎಸ್‌ಎಂಎಸ್ ಅನ್ನು ಅವನೇ ಟೈಪ್ ಮಾಡಿ ಕಳಿಸಿರುತ್ತಾನೆ. ಗುರುತಿಸುವುದು ಕಷ್ಟವಲ್ಲ. ಬ್ಯಾಂಕಿನ ಸಂದೇಶ ಹತ್ತಂಕಿಯ ಮೊಬೈಲ್ ನಂಬರಿನಿಂದ ಬರುವುದಿಲ್ಲ. ಕಳಿಸಿದವರ ಜಾಗದಲ್ಲಿ ಎರಡು ಅಕ್ಷರ, ಒಂದು ಅಡ್ಡಗೆರೆ, ಬ್ಯಾಂಕಿನ ಹೆಸರನ್ನು ಸೂಚಿಸುವ ಅಕ್ಷರಗಳು ಇರುತ್ತವೆ. 2025ರಿಂದ ಕೊನೆಯಲ್ಲಿ ಇನ್ನೊಂದು ಅಕ್ಷರವೂ ಸೇರಿದೆ. `S` ಅಥವಾ `T` ಇದ್ದರೆ ಸೇವೆ ಅಥವಾ ವ್ಯವಹಾರದ ಸಂದೇಶ, `P` ಇದ್ದರೆ ಜಾಹೀರಾತು, `G` ಇದ್ದರೆ ಸರ್ಕಾರದ್ದು. ಹತ್ತಂಕಿಯ ನಂಬರಿನಿಂದ ಬಂದ ಜಮಾ ಸಂದೇಶವನ್ನು ಓದುವುದೂ ಬೇಡ. ಸಂದೇಶದ ಮೇಲೆ ಬ್ಯಾಂಕಿನ ಹೆಸರನ್ನೇ ದೊಡ್ಡದಾಗಿ ಬರೆದು ಕಳಿಸುವವರಿದ್ದಾರೆ, ಅದು ಸಂದೇಶದ ಒಳಗಿನ ಬರಹ, ಕಳಿಸಿದವರ ಹೆಸರಲ್ಲ.

ಆದರೂ ಎಸ್‌ಎಂಎಸ್‌ನ ತಲೆಬರಹ ಒಂದನ್ನೇ ನಂಬಿ ಕೂರುವುದು ಸರಿಯಲ್ಲ. ಖಚಿತವಾದ ದಾರಿ ಒಂದೇ: ಕರೆ ಕತ್ತರಿಸಿ, ನಿಮ್ಮ ಬ್ಯಾಂಕಿನ ಆ್ಯಪ್ ನೀವೇ ತೆರೆದು, ಖಾತೆಯ ವಹಿವಾಟು ಪಟ್ಟಿ ನೋಡಿ. ಪ್ರತಿಯೊಂದು ಯುಪಿಐ ಪಾವತಿಗೂ ಹನ್ನೆರಡು ಅಂಕೆಯ ಒಂದು ಉಲ್ಲೇಖ ಸಂಖ್ಯೆ ಇರುತ್ತದೆ, ಯುಟಿಆರ್ ಎಂದು ಕರೆಯುವುದು ಅದನ್ನೇ. ಕಳಿಸಿದವನ ಆ್ಯಪ್‌ನಲ್ಲೂ ಪಡೆದವರ ಪಟ್ಟಿಯಲ್ಲೂ ಅದು ಒಂದೇ ಆಗಿರುತ್ತದೆ. ಅವನಿಂದ ಆ ಸಂಖ್ಯೆ ಕೇಳಿ, ನಿಮ್ಮ ಪಟ್ಟಿಯಲ್ಲಿ ಹುಡುಕಿ. ಇಲ್ಲದಿದ್ದರೆ ದುಡ್ಡು ಬಂದಿಲ್ಲ. ಬ್ಯಾಲೆನ್ಸ್ ನೋಡಲು ಅವನೇ ಲಿಂಕ್ ಕಳಿಸಿದರೆ ಮುಟ್ಟಬೇಡಿ.

ಒಂದು ವೇಳೆ ನಿಜವಾಗಿಯೇ ಹೆಚ್ಚು ಬಂದಿದ್ದರೆ? ಆಗಲೂ ನೀವಾಗಿ ವಾಪಸ್ ಹಾಕುವ ಅಗತ್ಯವಿಲ್ಲ. ತಪ್ಪಾಗಿ ಕಳಿಸಿದವನು ತನ್ನ ಬ್ಯಾಂಕಿಗೆ ದೂರು ಕೊಡಬಹುದು, ಬ್ಯಾಂಕ್ ನಿಮ್ಮ ಬ್ಯಾಂಕಿನ ಮೂಲಕ ನಿಮ್ಮನ್ನು ಕೇಳುತ್ತದೆ. ನಿಮ್ಮ ಶಾಖೆಗೆ ಒಂದು ಪತ್ರ ಕೊಟ್ಟು ಸುಮ್ಮನಿರಿ. ವಾಪಸ್ ಹಾಕಲೇಬೇಕು, ಅದೂ ಬೇರೆ ನಂಬರ್‌ಗೆ, ಅದೂ ಈಗಲೇ ಎಂದವನ ಮಾತಿಗೆ ಕಿವಿಗೊಡಬೇಡಿ.

ಮನೆ ಬಾಗಿಲಿಗೇ ಬರುವ ಗಿರಾಕಿಯಲ್ಲೂ ಇಂಥವರಿದ್ದಾರೆ. ಸಾಮಾನು ನೋಡಿ, ಚೌಕಾಸಿ ಮಾಡಿ, ಫೋನ್ ತೆಗೆದು ನಿಮ್ಮ ಕ್ಯೂಆರ್ ಸ್ಕ್ಯಾನ್ ಮಾಡುತ್ತಾನೆ. ಪರದೆಯ ಮೇಲೆ ಹಸಿರು ಗುರುತು ಬರುತ್ತದೆ, ಟಿಂಗ್ ಎಂದು ಸದ್ದೂ ಆಗುತ್ತದೆ. ಹೆಸರಾದ ಪಾವತಿ ಆ್ಯಪ್‌ಗಳನ್ನು ಹೋಲುವ ನಕಲಿ ಆ್ಯಪ್‌ಗಳಿವೆ, ಹೆಸರು, ಮೊತ್ತ ತುಂಬಿಸಿದರೆ ಪಾವತಿ ಯಶಸ್ವಿ ಎಂಬ ಪರದೆಯನ್ನು ಹುಬೇಹೂಬು ತೋರಿಸುತ್ತವೆ, ಆದರೆ ಯಾವ ಬ್ಯಾಂಕಿಗೂ ಏನೂ ಹೋಗಿರುವುದಿಲ್ಲ. ಅಂಗಡಿಯವರಿಗೆ ಸೌಂಡ್‌ಬಾಕ್ಸ್ ಇದೆ, ಮನೆಯವರಿಗೆ ಇಲ್ಲ. ಅವನ ಫೋನ್ ನೋಡಬೇಡಿ, ನಿಮ್ಮ ಫೋನ್ ನೋಡಿ. ಸರ್ವರ್ ನಿಧಾನ, ಎರಡು ಗಂಟೆಯಲ್ಲಿ ಬರುತ್ತದೆ ಎಂದರೆ, ಹಾಗಾದರೆ ಎರಡು ಗಂಟೆ ಬಿಟ್ಟು ಸಾಮಾನು ಒಯ್ಯಿರಿ ಎನ್ನಿ. ನಿಜಕ್ಕೂ ಕೆಲವೊಮ್ಮೆ ಪಾವತಿ ಸಿಕ್ಕಿಹಾಕಿಕೊಳ್ಳುತ್ತದೆ, ಅಸಲಿ ಗಿರಾಕಿಗೂ ಆಗುತ್ತದೆ. ಅಂಥವನು ಬೇಸರ ಮಾಡಿಕೊಳ್ಳಬಹುದು, ಆದರೆ ಕಾಯುತ್ತಾನೆ.

ಇದಲ್ಲದೆ, ದುಡ್ಡು ಬಂದಿಲ್ಲವಲ್ಲ, ನಾನೇ ಸರಿಮಾಡುತ್ತೇನೆ ಎಂದು ಎನಿಡೆಸ್ಕ್‌ನಂಥ ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸುವವರಿದ್ದಾರೆ. ಕೊರಿಯರ್ ಕಂಪನಿಯ ಹೆಸರಲ್ಲಿ ಲಿಂಕ್ ಕಳಿಸಿ, ದುಡ್ಡು ಪಡೆಯಲು ಕಾರ್ಡ್ ನಂಬರ್, ಸಿವಿವಿ, ಓಟಿಪಿ ತುಂಬಿ ಎನ್ನುವವರೂ ಇದ್ದಾರೆ. ವಾಟ್ಸಾಪ್‌ನಲ್ಲಿ ಬರುವ `.apk` ಫೈಲ್ ತೆರೆದರೆ ಎಸ್‌ಎಂಎಸ್ ಎಲ್ಲಾ ಅವರ ಕೈಗೆ ಹೋಗಬಹುದು. ವೇಷ ಬೇರೆಯಾದರೂ ಇಲ್ಲೂ ದುಡ್ಡು ಬರಲು ನೀವು ಏನೋ ಮಾಡಬೇಕು ಎನ್ನುತ್ತಿದ್ದಾರೆ.

ದುಡ್ಡು ನಿಜ, ಆದರೆ ಅವನದಲ್ಲ

ಬಹಳ ಜನರಿಗೆ ಗೊತ್ತಿಲ್ಲದ ಬಗೆ ಇದು. ಇದರಲ್ಲಿ ದುಡ್ಡು ನಿಜವಾಗಿಯೂ ಬರುತ್ತದೆ, ಎಲ್ಲಾ ಪರೀಕ್ಷೆಯಲ್ಲೂ ಪಾಸಾಗುತ್ತದೆ. ತೊಂದರೆ ಶುರುವಾಗುವುದು ವಾರದ ಮೇಲೆ.

ನೀವು ಒಂದು ಮೊಬೈಲ್ ಫೋನನ್ನು 42,000ಕ್ಕೆ ಮಾರಾಟಕ್ಕಿಟ್ಟಿದ್ದೀರಿ ಎನ್ನಿ. ಒಬ್ಬ ಬಂದು ನೋಡುತ್ತಾನೆ, ಒಪ್ಪುತ್ತಾನೆ, ನಾಳೆ ತೆಗೆದುಕೊಳ್ಳುತ್ತೇನೆ ಎಂದು ನಿಮ್ಮ ಯುಪಿಐ ವಿಳಾಸ ಬರೆದುಕೊಂಡು ಹೋಗುತ್ತಾನೆ. ಅವನು ಮಾಡುವ ಕೆಲಸ ಇದು: ನಿಮ್ಮದೇ ಫೋಟೋಗಳನ್ನು ಹಾಕಿ ಬೇರೊಂದು ಊರಿನಲ್ಲಿ ಅದೇ ಫೋನನ್ನು ಮಾರಾಟಕ್ಕಿಡುತ್ತಾನೆ. ಅಲ್ಲಿ ಯಾರೋ ಒಬ್ಬರು ಕೊಳ್ಳಲು ಒಪ್ಪಿದಾಗ, ದುಡ್ಡು ಈ ವಿಳಾಸಕ್ಕೆ ಹಾಕಿ ಎಂದು ನಿಮ್ಮ ವಿಳಾಸ ಕೊಡುತ್ತಾನೆ. ಅವರು 42,000 ಹಾಕುತ್ತಾರೆ, ಅದು ನಿಮ್ಮ ಖಾತೆಗೆ ಬರುತ್ತದೆ. ಇವನು ನಿಮ್ಮ ಮನೆಗೆ ಬಂದು, ದುಡ್ಡು ಬಂತಲ್ಲ ಎಂದು ಫೋನ್ ತೆಗೆದುಕೊಂಡು ಹೋಗುತ್ತಾನೆ. ಅಲ್ಲಿನವರಿಗೆ ಫೋನ್ ಸಿಗುವುದಿಲ್ಲ, ಅವರು ದೂರು ಕೊಡುತ್ತಾರೆ. ದೂರಿನಲ್ಲಿರುವ ಖಾತೆ ನಿಮ್ಮದು. ಒಂದು ದಿನ ಎಟಿಎಂನಲ್ಲಿ ದುಡ್ಡು ತೆಗೆಯಲು ಹೋದಾಗ ಆ ಮೊತ್ತಕ್ಕೆ ತಡೆ ಬಿದ್ದಿರುತ್ತದೆ, ಕೆಲವೊಮ್ಮೆ ಇಡೀ ಖಾತೆಗೇ. ಬ್ಯಾಂಕಿನವರು ಬೇರೆ ರಾಜ್ಯದ ಪೊಲೀಸ್ ಠಾಣೆಯ ಹೆಸರು ಹೇಳುತ್ತಾರೆ. ಫೋನೂ ಹೋಯಿತು, ದುಡ್ಡೂ ಸಿಕ್ಕಿಬಿತ್ತು.

ಇದನ್ನು ತಡೆಯುವ ದಾರಿ ದುಡ್ಡು ಕೊಟ್ಟವರ ಹೆಸರಿನಲ್ಲಿದೆ. ಖಾತೆಗೆ ಜಮಾ ಆದಾಗ ಕಳಿಸಿದವರ ಹೆಸರು ಕಾಣುತ್ತದೆ. ಅದು ಎದುರಿಗೆ ನಿಂತವನ ಹೆಸರೇ? ಅಣ್ಣ ಹಾಕಿದ, ಸ್ನೇಹಿತ ಹಾಕಿದ, ಆಫೀಸಿನವರು ಹಾಕಿದರು ಎಂದರೆ, ದೊಡ್ಡ ಮೊತ್ತಕ್ಕೆ ಒಪ್ಪಬೇಡಿ. ನಿಮ್ಮ ಎದುರಿಗೇ, ಅವನ ಫೋನಿನಿಂದ, ಅವನ ಹೆಸರಿನ ಖಾತೆಯಿಂದ ಬರಲಿ. ಮುಂಚೆಯೇ ವಿಳಾಸ ಕೊಡಬೇಡಿ, ಸಾಮಾನು ಕೊಡುವ ಗಳಿಗೆಯಲ್ಲೇ ಕ್ಯೂಆರ್ ತೋರಿಸಿ. ಅವನ ಗುರುತಿನ ಚೀಟಿಯನ್ನು ಫೋಟೋದಲ್ಲಲ್ಲ, ಕೈಯಲ್ಲಿ ಹಿಡಿದು ನೋಡಿ, ಹೆಸರು ಹೊಂದಿಸಿ. ಒಂದು ಹಾಳೆಯ ಮೇಲೆ ವಸ್ತುವಿನ ವಿವರ, ಫೋನಾದರೆ ಐಎಂಇಐ ಸಂಖ್ಯೆ, ಮೊತ್ತ, ಯುಟಿಆರ್, ತಾರೀಖು ಬರೆದು ಇಬ್ಬರೂ ಸಹಿ ಹಾಕಿ. ಖಾತೆಗೆ ತಡೆ ಬಿದ್ದರೆ, ನಾನು ಮಾರಿದ್ದು ವಸ್ತು ಎಂದು ತನಿಖಾಧಿಕಾರಿಗೆ ತೋರಿಸಲು ಕೈಯಲ್ಲಿರುವುದು ಆ ಹಾಳೆ, ಹಳೆ ಬಿಲ್, ಚಾಟ್‌ನ ಸ್ಕ್ರೀನ್‌ಶಾಟ್ ಇಷ್ಟೇ. ಆದ್ದರಿಂದ ಮಾರಿದ ಮೇಲೆ ಜಾಹೀರಾತು ತೆಗೆದರೂ ಚಾಟ್ ಅಳಿಸಬೇಡಿ.

ಸಣ್ಣ ಸಾಮಾನಿಗೆ ಇಷ್ಟೆಲ್ಲಾ ಬೇಕಿಲ್ಲ. ಸಾವಿರ ರೂಪಾಯಿಯ ಟೀಪಾಯಿಗೆ ಕರಾರು ಪತ್ರ ಕೇಳಿದರೆ ಅಸಲಿ ಗಿರಾಕಿ ಓಡಿಹೋಗುತ್ತಾನೆ. ನಗದು ತೆಗೆದುಕೊಂಡು ಮುಗಿಸಿ.

ದುಡ್ಡು ಹೋಗಿಬಿಟ್ಟಿದ್ದರೆ

ಇಲ್ಲಿ ನಿಮಿಷಗಳ ಲೆಕ್ಕ. ನಿಮ್ಮಿಂದ ಹೋದ ದುಡ್ಡು ಮೊದಲು ಒಂದು ಖಾತೆಗೆ, ಅಲ್ಲಿಂದ ಒಡೆದು ಮೂರು ನಾಲ್ಕು ಖಾತೆಗಳಿಗೆ, ಕೊನೆಗೆ ಎಟಿಎಂಗೆ ಹೋಗುತ್ತದೆ. ಅದು ಬ್ಯಾಂಕುಗಳ ಒಳಗೆ ಇರುವಷ್ಟು ಹೊತ್ತು ಮಾತ್ರ ಹಿಡಿದು ನಿಲ್ಲಿಸಬಹುದು. ಅದಕ್ಕೆಂದೇ ಇರುವ ಸಹಾಯವಾಣಿ 1930. ಅದಕ್ಕೆ ಕರೆ ಮಾಡಿದಾಗ ದೂರು ಸಂಬಂಧಪಟ್ಟ ಬ್ಯಾಂಕುಗಳಿಗೆ ಹೋಗಿ, ಆ ಖಾತೆಯಲ್ಲಿ ದುಡ್ಡು ಉಳಿದಿದ್ದರೆ ಅದಕ್ಕೆ ತಡೆ ಬೀಳುತ್ತದೆ. ಮೊದಲು ಬ್ಯಾಂಕಿಗೆ ಹೋಗಿ ವಿಚಾರಿಸೋಣ, ಬೆಳಿಗ್ಗೆ ನೋಡೋಣ ಎಂದರೆ ಅಷ್ಟರಲ್ಲಿ ದುಡ್ಡು ನಗದಾಗಿರುತ್ತದೆ.

ಕರೆ ಮಾಡುವಾಗ ಕೈಯಲ್ಲಿ ಇರಬೇಕಾದದ್ದು: ನಿಮ್ಮ ಬ್ಯಾಂಕ್ ಮತ್ತು ಖಾತೆ ಸಂಖ್ಯೆ, ಹೋದ ಪ್ರತಿ ಪಾವತಿಯ ಯುಟಿಆರ್, ಮೊತ್ತ, ಸಮಯ, ದುಡ್ಡು ಹೋದ ಯುಪಿಐ ವಿಳಾಸ, ಅವನ ಫೋನ್ ನಂಬರ್. ನಮ್ಮ ಉದಾಹರಣೆಯ ಮನೆಯವರಾದರೆ ನಾಲ್ಕು ಯುಟಿಆರ್ ಕೊಡಬೇಕು, ಎರಡು ರೂಪಾಯಿಯದ್ದೂ ಸೇರಿ, ಏಕೆಂದರೆ ಅದು ಬೇರೆ ಖಾತೆಗೆ ಹೋಗಿರಬಹುದು. ಅವನಿಂದ ಬಂದ ನಾಲ್ಕು ರೂಪಾಯಿಯ ಯುಟಿಆರ್ ಕೂಡ ಕೊಡಿ, ಅದರಿಂದ ಅವನು ಬಳಸುವ ಇನ್ನೊಂದು ಖಾತೆ ಸಿಗುತ್ತದೆ. ಸಿಕ್ಕ ದೂರು ಸಂಖ್ಯೆ ಇಟ್ಟುಕೊಂಡು `cybercrime.gov.in` ತಾಣದಲ್ಲಿ ಸ್ಕ್ರೀನ್‌ಶಾಟ್‌ಗಳ ಸಮೇತ ದೂರು ಪೂರ್ಣಗೊಳಿಸಿ, ಬ್ಯಾಂಕಿಗೂ ಲಿಖಿತವಾಗಿ ತಿಳಿಸಿ. ಕರ್ನಾಟಕದ ಜಿಲ್ಲೆಗಳಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗಳಿವೆ, ಎಫ್‌ಐಆರ್‌ಗೆ ಅಲ್ಲಿಗೆ ಹೋಗಬಹುದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ವಿಧಿ, ಅಂದರೆ ಇನ್ನೊಬ್ಬರ ಸೋಗು ಹಾಕಿ ವಂಚಿಸುವುದು, ಇಂಥ ಪ್ರಕರಣಗಳಿಗೆ ಹೊಂದುತ್ತದೆ.

ಬ್ಯಾಂಕ್ ನಷ್ಟ ತುಂಬಿಕೊಡುತ್ತದೆ ಎಂಬ ಭರವಸೆ ಇಟ್ಟುಕೊಳ್ಳುವುದು ಕಷ್ಟ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಗ್ರಾಹಕನಿಗೆ ರಕ್ಷಣೆ ಕೊಟ್ಟಿರುವುದು ಅವನಿಗೆ ತಿಳಿಯದೆ ಆದ ವ್ಯವಹಾರಗಳಿಗೆ. ಇಲ್ಲಿ ಪಿನ್ ಒತ್ತಿದವರು ನೀವೇ. ಆದ್ದರಿಂದ ವಾಪಸ್ ಬರುವ ದುಡ್ಡು ಎಂದರೆ ತಡೆಹಿಡಿದು ಉಳಿಸಿದಷ್ಟೇ, ಅದನ್ನು ಬಿಡಿಸಿಕೊಳ್ಳಲು ಕೆಲವೊಮ್ಮೆ ನ್ಯಾಯಾಲಯದ ಆದೇಶ ಬೇಕಾಗಬಹುದು, ಅದಕ್ಕೆ ತಿಂಗಳುಗಳೇ ಹಿಡಿಯಬಹುದು.

ದೂರು ಕೊಟ್ಟ ಕೆಲ ದಿನಗಳಲ್ಲಿ ಇನ್ನೊಂದು ಕರೆ ಬರಬಹುದು. ಸೈಬರ್ ಸೆಲ್‌ನಿಂದ ಮಾತಾಡುತ್ತಿದ್ದೇವೆ, ನಿಮ್ಮ 36,002 ರೂಪಾಯಿ ಸಿಕ್ಕಿದೆ, ಬಿಡುಗಡೆಗೆ 1,500 ರೂಪಾಯಿ ಶುಲ್ಕ ಕಟ್ಟಿ, ಕ್ಯೂಆರ್ ಕಳಿಸುತ್ತೇವೆ ಎನ್ನುತ್ತಾರೆ. ಮೊತ್ತವನ್ನು ರೂಪಾಯಿ ಬಿಡದೆ ಸರಿಯಾಗಿ ಹೇಳಿದರೆಂದು ನಂಬಬೇಡಿ. ಅಷ್ಟು ಸರಿಯಾಗಿ ಆ ಲೆಕ್ಕ ಗೊತ್ತಿರುವವರಲ್ಲಿ ದುಡ್ಡು ತೆಗೆದುಕೊಂಡವನೂ ಒಬ್ಬ.